ಗ್ರಿಲ್ ಗೇಟಿನ ಚಿಲಕದ ತುದಿ ಇಳಿದಿದೆ: ಹಿಂಜಸ್ ಬದಲಿಸಿದರೆ ಸಾಕೇ?

ತುಮಕೂರು_ನಿವಾಸಿ

ನಮ್ಮ ಮನೆಯ ಮುಂದಿನ ಗೇಟು ಎರಡು ಬಾಗಿಲುಗಳದ್ದು. ಒಂದೊಂದು ಬಾಗಿಲು 5 ಅಡಿ ಅಗಲ, 5 ಅಡಿ ಎತ್ತರವಿದೆ. ಸುತ್ತಲಿನ ಚೌಕಟ್ಟು 40 ಮಿ.ಮೀ. ಚೌಕ ಪೈಪಿನದು, ಒಳಗೆ 12 ಮಿ.ಮೀ. ಚೌಕ ಸರಳುಗಳಿವೆ, ಕೆಳಗಿನ ಅರ್ಧಕ್ಕೆ ತಗಡು ಹೊದಿಸಿದೆ. ಬಿಲ್ಲಿನ ಪ್ರಕಾರ ಒಂದು ಬಾಗಿಲಿನ ತೂಕ ಸುಮಾರು 60 ಕೆ.ಜಿ. ಎರಡೂ ಕಡೆ ಸಾಲಿಡ್ ಬ್ಲಾಕಿನ ಪಿಲ್ಲರುಗಳಿವೆ. ಅವುಗಳಿಗೆ ಹೋಲ್ಡ್ ಫಾಸ್ಟ್ ಹಾಕಿ ಕೂರಿಸಿದ ಆಂಗಲ್‌ಗೆ ಬುಲೆಟ್ ಹಿಂಜಸ್ ಬೆಸೆದಿದ್ದಾರೆ.

ಬಲಬಾಗಿಲು ಸರಿಯಾಗಿದೆ. ಎಡಬಾಗಿಲಿನ ಚಿಲಕದ ತುದಿ ಮಾತ್ರ ಬಲಬಾಗಿಲಿಗಿಂತ 20 ಮಿ.ಮೀ. ಕೆಳಗಿಳಿದಿದೆ. ಆಲ್‌ಡ್ರಾಪ್ ಹಾಕಬೇಕಾದರೆ ಒಂದು ಕೈಯಿಂದ ಬಾಗಿಲನ್ನು ಮೇಲೆತ್ತಿ ಹಿಡಿಯಬೇಕು. ನೆಲಕ್ಕಿಳಿಯುವ ಕಂಬಿ ಇಳಿಜಾರಿನಲ್ಲಿ ಹೂತ ಪೈಪಿನೊಳಗೆ ಹೋಗುವುದೇ ಇಲ್ಲ. ವೆಲ್ಡಿಂಗ್ ಅಂಗಡಿಯವರು ಬಂದು ನೋಡಿ, ಈಗಿರುವ ಎರಡು ಹಿಂಜಸ್ ತೆಗೆದು ದೊಡ್ಡವನ್ನು ಹಾಕುವುದಾಗಿಯೂ, ನಡುವೆ ಮೂರನೆಯದೊಂದನ್ನು ಕೂಡಿಸುವುದಾಗಿಯೂ, ಚೌಕಟ್ಟಿಗೆ ಅಡ್ಡಲಾಗಿ ಒಂದು ಪಟ್ಟಿ ಬೆಸೆಯುವುದಾಗಿಯೂ ಹೇಳಿದ್ದಾರೆ. ಇಷ್ಟಕ್ಕೆ ಸರಿಹೋಗುತ್ತದೆಯೇ ಎಂಬುದನ್ನು ತಿಳಿದವರು ದಯವಿಟ್ಟು ಹೇಳಿ.

ಮಹಡಿಮನೆ

ಇಷ್ಟಕ್ಕೆಲ್ಲ ಹಿಂಜಸ್ ಕಿತ್ತು ಹಾಕಬೇಕಾಗಿಲ್ಲ ಸರ್. ಚಿಲಕದ ತುದಿಯ ಕೆಳಗೆ ಒಂದು ಚಕ್ರ ಹಾಕಿಸಿಬಿಡಿ. ಬಾಗಿಲಿನ ಭಾರದ ಅರ್ಧ ನೆಲಕ್ಕೆ ಹೋಗುತ್ತದೆ, ಹಿಂಜಸ್ ಮೇಲಿನ ಎಳೆತ ಅಲ್ಲಿಗೇ ನಿಲ್ಲುತ್ತದೆ. ನಮ್ಮ ಅಪಾರ್ಟ್‌ಮೆಂಟಿನ ಗೇಟಿಗೆ ಹೀಗೆಯೇ ಮಾಡಿಸಿದ್ದೇವೆ, ಈವರೆಗೆ ಯಾವ ತೊಂದರೆಯೂ ಬಂದಿಲ್ಲ.

ಕಬ್ಬಿಣದ_ಕೆಲಸ

ಚಕ್ರವೂ ಬೇಡ, ಹೊಸ ಹಿಂಜಸ್ ಕೊಳ್ಳುವುದೂ ಈಗಲೇ ಬೇಡ. ತುದಿ ಇಳಿದಿರುವುದು ಕಣ್ಣಿಗೆ ಕಾಣುತ್ತಿದೆ. ಅದು ಎಲ್ಲಿಂದ ಇಳಿದಿದೆ ಎಂಬುದನ್ನು ಮಾತ್ರ ಇನ್ನೂ ಯಾರೂ ಅಳೆದು ನೋಡಿಲ್ಲ. ಗೇಟು ಜೋತು ಬೀಳುವುದಕ್ಕೆ ಮೂರೇ ಜಾಗ: ಬಾಗಿಲಿನ ಚೌಕಟ್ಟು ಮೂಲೆಮಟ್ಟ ತಪ್ಪಿರಬಹುದು, ಹಿಂಜಿನ ಪಿನ್ನು ಸವೆದಿರಬಹುದು, ಇಲ್ಲವೇ ಹಿಂಜಸ್ ಕೂತಿರುವ ಆಂಗಲ್ ಅಥವಾ ಪಿಲ್ಲರ್ ವಾಲಿರಬಹುದು. ಹೆಚ್ಚಿನ ಕಡೆ ಒಂದಕ್ಕಿಂತ ಹೆಚ್ಚು ಕಾರಣಗಳು ಕೂಡಿಕೊಂಡಿರುತ್ತವೆ. ಹಾಗಾಗಿ ಮೂರನ್ನೂ ಅಳೆದು ಬರೆದಿಟ್ಟುಕೊಳ್ಳಿ.

ಮೊದಲು ಟೇಪು ಹಿಡಿದು ಚೌಕಟ್ಟಿನ ಎರಡು ಕ್ರಾಸ್ ಅಳತೆ ತೆಗೆಯಿರಿ. ಎರಡೂ ಒಂದೇ ಆಗಿದ್ದರೆ ಚೌಕಟ್ಟಿನ ತಪ್ಪಿಲ್ಲ. ನಿಮ್ಮದು ಉದ್ದ ಅಗಲ ಸಮವಾಗಿರುವ ಬಾಗಿಲಾದ್ದರಿಂದ ಲೆಕ್ಕ ಸುಲಭ. 20 ಮಿ.ಮೀ. ಇಳಿತವೆಲ್ಲ ಚೌಕಟ್ಟಿನಿಂದಲೇ ಬಂದಿದ್ದರೆ ಎರಡು ಕ್ರಾಸ್ ಅಳತೆಗಳ ನಡುವೆ ಸುಮಾರು 28 ಮಿ.ಮೀ. ವ್ಯತ್ಯಾಸ ಕಾಣಬೇಕು. ಅಷ್ಟು ಕಾಣದಿದ್ದರೆ ಉಳಿದದ್ದು ಬೇರೆಲ್ಲಿಂದಲೋ ಬಂದಿದೆ ಎಂದು ತಿಳಿಯಿರಿ.

ಎರಡನೆಯದಾಗಿ, ಚಿಲಕದ ತುದಿಯ ಕೆಳಗೆ ಒಂದು ಮರದ ತುಂಡಿನ ಮೇಲೆ ಹಾರೆ ಇಟ್ಟು ಒಬ್ಬರು ಬಾಗಿಲನ್ನು ನಿಧಾನವಾಗಿ ಎತ್ತಿ ಇಳಿಸುತ್ತಿರಲಿ. ಆಗ ಮತ್ತೊಬ್ಬರು ಮೇಲಿನ ಹಿಂಜಿನ ಹತ್ತಿರವೇ ಕಣ್ಣಿಟ್ಟು ನೋಡಬೇಕು. ಬುಷ್ಷು ಪಿನ್ನಿನ ಮೇಲೆ ಹಿಂದೆ ಮುಂದೆ ಸರಿದಾಡಿದರೆ ಸವೆತವಿದೆ. ಪಿನ್ನಿನ ಸುತ್ತ ಕಂದು ಬಣ್ಣದ ಪುಡಿ ಉದುರಿದ್ದರೂ ಅದೇ ಗುರುತು. ಹಿಂಜು ಸುಮ್ಮನಿದ್ದು ಅದರ ಹಿಂದಿನ ಆಂಗಲ್ ಅಲುಗಾಡಿದರೆ, ಅಥವಾ ಆಂಗಲ್ ಮತ್ತು ಗಾರೆಯ ನಡುವಿನ ಬಿರುಕು ತೆರೆದು ಮುಚ್ಚುತ್ತಿದ್ದರೆ ಹಿಂಜಸ್ ಬದಲಿಸಿ ಫಲವಿಲ್ಲ.

ಮೂರನೆಯದಾಗಿ, ಮೇಲಿನ ಹಿಂಜಿನ ಮಟ್ಟದಿಂದ ತೂಗುಗುಂಡು ಇಳಿಬಿಟ್ಟು, ದಾರಕ್ಕೂ ಆಂಗಲ್‌ಗೂ ನಡುವಿನ ಅಂತರವನ್ನು ಮೇಲೊಮ್ಮೆ ಕೆಳಗೊಮ್ಮೆ ಅಳೆಯಿರಿ. ಹಾಗೆಯೇ ಪಿಲ್ಲರಿನ ಗಾರೆಯ ಮೇಲೂ ಪ್ರತ್ಯೇಕವಾಗಿ ಅಳೆಯಿರಿ. ಆಂಗಲ್ ವಾಲಿರುವುದು ಬೇರೆ, ಪಿಲ್ಲರ್ ವಾಲಿರುವುದು ಬೇರೆ.

ಹಿತ್ತಲಗಿಡ

ನಮ್ಮ ಗೇಟಿನದೂ ಇದೇ ತೊಂದರೆ. ಪೂರ್ತಿ ತೆರೆದಿಟ್ಟರೆ ನಿಲ್ಲುವುದಿಲ್ಲ, ತಾನಾಗಿಯೇ ಬಂದು ಮುಚ್ಚಿಕೊಳ್ಳುತ್ತದೆ. ಕಾರು ಹೊರಗೆ ತೆಗೆಯುವಾಗ ಇಟ್ಟಿಗೆ ಅಡ್ಡ ಇಡಬೇಕಾಗಿದೆ. ನಾನೂ ಕ್ರಾಸ್ ಅಳತೆ ತೆಗೆಯಬೇಕೇ?

ಕಬ್ಬಿಣದ_ಕೆಲಸ

ನಿಮ್ಮದು ಬೇರೆ ತೊಂದರೆ ಮೇಡಂ. ಗೇಟು ತನ್ನ ಭಾರ ಎಲ್ಲಿ ಅತ್ಯಂತ ಕೆಳಗೆ ಕೂರುತ್ತದೆಯೋ ಅಲ್ಲಿಗೆ ತಾನೇ ಹೋಗಿ ನಿಲ್ಲುತ್ತದೆ. ಮೇಲಿನ ಪಿನ್ನು ಕೆಳಗಿನ ಪಿನ್ನಿನ ನೇರಕ್ಕೆ ಇಲ್ಲದೆ, ಮುಚ್ಚುವ ಕಡೆಗೆ ಕೆಲವೇ ಮಿಲಿಮೀಟರ್ ಸರಿದಿದ್ದರೂ ಬಾಗಿಲು ಆ ಕಡೆಗೇ ಹೋಗುತ್ತದೆ. ಹಿಂಜಿಗೆ ಒಳ್ಳೆಯ ಬೇರಿಂಗ್ ಇದ್ದಷ್ಟೂ ಇದು ಬೇಗ ಗೊತ್ತಾಗುತ್ತದೆ, ಏಕೆಂದರೆ ತಡೆಯುವ ಬಿಗಿ ಇರುವುದಿಲ್ಲ. ಚಿಲಕ ಸರಿಯಾಗಿ ಬೀಳುತ್ತಿದ್ದರೆ ನೀವು ಹಿಂಜಸ್ ಮುಟ್ಟಬೇಡಿ. ತೆರೆದಿಡುವ ಜಾಗದಲ್ಲಿ ನೆಲಕ್ಕೆ ಒಂದು ಕೊಕ್ಕೆ ಕೂರಿಸಿಕೊಂಡರೆ ಸಾಕು.

ತುಮಕೂರು_ನಿವಾಸಿ

ಹೇಳಿದಂತೆ ಅಳೆದಿದ್ದೇನೆ. ಕ್ರಾಸ್ ಅಳತೆಗಳ ನಡುವೆ 5 ಮಿ.ಮೀ. ವ್ಯತ್ಯಾಸವಿದೆ. ಹಾರೆಯಿಂದ ಎತ್ತಿದಾಗ ಮೇಲಿನ ಬುಷ್ಷು ಪಿನ್ನಿನ ಮೇಲೆ ಸುಮಾರು 2 ಮಿ.ಮೀ. ಸರಿಯುತ್ತದೆ. ಕೆಳಗಿನದು ಅಲುಗುವುದಿಲ್ಲ. ಆದರೆ ನನಗೆ ಆಶ್ಚರ್ಯವಾದದ್ದು ಆಂಗಲ್ ವಿಷಯ. ತೂಗುಗುಂಡಿನ ಪ್ರಕಾರ ಅದು ಮೇಲಿನ ಹಿಂಜಿನ ಬಳಿ ಗೇಟಿನ ಕಡೆಗೆ 8 ಮಿ.ಮೀ. ಬಂದಿದೆ. ಅದರ ಹಿಂದೆ ಗಾರೆ ಬಿಟ್ಟುಕೊಂಡು ಉದ್ದಕ್ಕೆ ಸೀಳು ಕಾಣುತ್ತದೆ, ಬಾಗಿಲನ್ನು ಎತ್ತಿದಾಗ ಆ ಸೀಳು ಕಿರಿದಾಗುತ್ತದೆ. ಪಿಲ್ಲರ್ ಮಾತ್ರ ನೆಟ್ಟಗಿದೆ. ಹಿಂಜಸ್ ಎರಡೂ ಬಾಗಿಲಿನ ಮೇಲಿನಿಂದ ಮತ್ತು ಕೆಳಗಿನಿಂದ ಒಂದೊಂದು ಅಡಿ ಬಿಟ್ಟು ಕೂತಿವೆ.

ಸಿವಿಲ್_ನಿವೃತ್ತ

ಅಳತೆಗಳು ಸರಿಯಾಗಿ ಹೊಂದಿಕೊಳ್ಳುತ್ತಿವೆ, ಲೆಕ್ಕ ಹಾಕಿ ತೋರಿಸುತ್ತೇನೆ. ನಿಮ್ಮ ಎರಡು ಹಿಂಜುಗಳ ನಡುವಿನ ಅಂತರ 3 ಅಡಿ, ಬಾಗಿಲಿನ ಅಗಲ 5 ಅಡಿ. ಮೇಲಿನ ಹಿಂಜು ಎಷ್ಟು ಮುಂದಕ್ಕೆ ಬಂದಿದೆಯೋ ಅದರ ಐದು ಮೂರಾಂಶದಷ್ಟು ಚಿಲಕದ ತುದಿ ಕೆಳಗಿಳಿಯುತ್ತದೆ. ಆಂಗಲ್‌ನಿಂದ 8, ಪಿನ್ನಿನಿಂದ 2, ಒಟ್ಟು 10 ಮಿ.ಮೀ. ಮುಂದಕ್ಕೆ ಬಂದಿರುವುದರಿಂದ ತುದಿಯಲ್ಲಿ ಸುಮಾರು 16.5 ಮಿ.ಮೀ. ಇಳಿತವಾಗುತ್ತದೆ. ಚೌಕಟ್ಟಿನ 5 ಮಿ.ಮೀ. ವ್ಯತ್ಯಾಸ ಮತ್ತೆ 3.5 ಮಿ.ಮೀ. ಕೂಡಿಸುತ್ತದೆ. ಒಟ್ಟು 20. ಇದರಲ್ಲಿ ಹಿಂಜಿನ ಸವೆತದ ಪಾಲು 3 ಮಿ.ಮೀ. ಚಿಲ್ಲರೆ ಮಾತ್ರ. ಹಿಂಜಸ್ ಬದಲಿಸಿದ್ದರೆ ನೀವು ಕೊಟ್ಟ ಹಣಕ್ಕೆ ಸಿಗುತ್ತಿದ್ದದ್ದು ಆ 3 ಮಿ.ಮೀ.

ಆಂಗಲ್ ಏಕೆ ಕಿತ್ತುಬಂದಿತು ಎಂಬುದಕ್ಕೂ ಇದೇ 3 ಅಡಿಯೇ ಕಾರಣ. 60 ಕೆ.ಜಿ. ಭಾರ ಬಾಗಿಲಿನ ನಡುವಿನಲ್ಲಿ, ಅಂದರೆ ಪಿನ್ನಿನಿಂದ 2.5 ಅಡಿ ದೂರದಲ್ಲಿ ಇದೆ ಎಂದು ಹಿಡಿಯಿರಿ. 60ನ್ನು 2.5ರಿಂದ ಗುಣಿಸಿ 3ರಿಂದ ಭಾಗಿಸಿದರೆ 50 ಬರುತ್ತದೆ. ಅಂದರೆ ಮೇಲಿನ ಹಿಂಜು ಹಗಲೂ ರಾತ್ರಿ 50 ಕೆ.ಜಿ. ಬಲದಿಂದ ಆಂಗಲ್ಲನ್ನು ಪಿಲ್ಲರಿನಿಂದ ಹೊರಕ್ಕೆ ಎಳೆಯುತ್ತಿದೆ. ಕೆಳಗಿನದು ಅಷ್ಟೇ ಬಲದಿಂದ ಪಿಲ್ಲರಿಗೆ ಒತ್ತುತ್ತಿದೆ. ಅದಕ್ಕೇ ಕೆಳಗಿನದು ಎಂದೂ ಕಿತ್ತುಬರುವುದಿಲ್ಲ. ಹಿಂಜಸ್ 4 ಅಡಿ ಅಂತರದಲ್ಲಿದ್ದಿದ್ದರೆ ಈ ಎಳೆತ 37.5 ಕೆ.ಜಿ.ಗೆ ಇಳಿಯುತ್ತಿತ್ತು. ಇನ್ನೊಂದು ಮಾತು: ಮನೆಯಲ್ಲಿ ಮಕ್ಕಳು ಗೇಟಿನ ತುದಿಗೆ ಹತ್ತಿ ಜೀಕುವುದುಂಟೇ? 30 ಕೆ.ಜಿ. ತೂಕದ ಮಗು ತುದಿಯಲ್ಲಿ ನಿಂತರೆ ಅದೊಂದೇ ಮತ್ತೆ 50 ಕೆ.ಜಿ. ಎಳೆತವನ್ನು ತರುತ್ತದೆ.

ತುಮಕೂರು_ನಿವಾಸಿ

ಬೇಸಿಗೆ ರಜೆಯಲ್ಲಿ ಅಕ್ಕನ ಮಕ್ಕಳು ಬಂದಾಗ ಎಡಬಾಗಿಲೇ ಅವರ ಉಯ್ಯಾಲೆ. ಬಲಬಾಗಿಲನ್ನು ಕಂಬಿ ಇಳಿಸಿ ಭದ್ರಪಡಿಸಿರುತ್ತೇವಾದ್ದರಿಂದ ಅದು ಉಳಿದುಕೊಂಡಿದೆ ಎಂದು ಈಗ ತೋರುತ್ತಿದೆ.

ಎರೆಭೂಮಿ

ಗದಗಿನ ಕಡೆಯವನು ನಾನು. ನಮ್ಮ ಗೇಟು ಮಳೆಗಾಲದಲ್ಲಿ ಒಂದು ರೀತಿ, ಬೇಸಿಗೆಯಲ್ಲಿ ಇನ್ನೊಂದು ರೀತಿ ಇರುತ್ತದೆ. ಬೇಸಿಗೆಯಲ್ಲಿ ಎರಡು ಬಾಗಿಲುಗಳು ಒಂದಕ್ಕೊಂದು ಉಜ್ಜುತ್ತವೆ, ಮಳೆ ಹಿಡಿದ ಮೇಲೆ ಸಡಿಲವಾಗುತ್ತವೆ. ಬಿಸಿಲಿಗೆ ಕಬ್ಬಿಣ ಹಿಗ್ಗುವುದೇ ಇದಕ್ಕೆ ಕಾರಣ ಎಂದು ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಪ್ರಶ್ನೆ ಕೇಳಿದವರೂ ಯಾವ ಕಾಲದಲ್ಲಿ ಅಳೆದರು ಎಂಬುದನ್ನು ನೋಡಿಕೊಳ್ಳುವುದು ಒಳಿತು.

ಸಿವಿಲ್_ನಿವೃತ್ತ

ಕಬ್ಬಿಣ ಹಿಗ್ಗುವುದು ನಿಜ, ಆದರೆ ಅದು ಬಹಳ ಕಡಿಮೆ. 5 ಅಡಿ ಅಗಲದ ಬಾಗಿಲು 30 ಡಿಗ್ರಿಯಷ್ಟು ಬಿಸಿಯೇರಿದರೆ ಅರ್ಧ ಮಿ.ಮೀ. ಹಿಗ್ಗುತ್ತದೆ, ಎರಡು ಬಾಗಿಲು ಸೇರಿ ಒಂದು ಮಿ.ಮೀ. ನಡುವೆ 8–10 ಮಿ.ಮೀ. ಸಂದು ಬಿಟ್ಟ ಗೇಟು ಇದರಿಂದ ಉಜ್ಜುವುದಿಲ್ಲ. ನಿಮ್ಮಲ್ಲಿ ಕಾರಣ ಕಾಲಡಿಯ ಮಣ್ಣು. ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಬಿರಿದು ಕುಗ್ಗುತ್ತದೆ. ತಳಪಾಯ ಆಳವಿಲ್ಲದ ಪಿಲ್ಲರುಗಳು ಅದರ ಜೊತೆಯಲ್ಲೇ ಏಳುತ್ತವೆ, ವಾಲುತ್ತವೆ. ಎರಡು ಪಿಲ್ಲರುಗಳ ಬುಡವನ್ನು ನೆಲದೊಳಗೆ ಒಂದು ಕಾಂಕ್ರೀಟ್ ತೊಲೆಯಿಂದ ಕಟ್ಟಿದರೆ ಒಂದರ ಕಡೆಗೊಂದು ವಾಲುವುದು ಬಹಳ ಮಟ್ಟಿಗೆ ತಪ್ಪುತ್ತದೆ.

ಎರೆಭೂಮಿ

ತೊಲೆ ಹಾಕಿಯೇ ಕಟ್ಟಿಸಿದ್ದು ಸರ್. ಆದರೂ ಹೀಗಾಗುತ್ತಿದೆ.

ಸಿವಿಲ್_ನಿವೃತ್ತ

ಹಾಗಾದರೆ ತೊಲೆಯೇ ಉಬ್ಬುವ ಮಣ್ಣಿನ ಮೇಲೆ ಕೂತಿದೆಯೋ, ಒಂದು ಪಿಲ್ಲರಿನ ಬುಡಕ್ಕೆ ಮಾತ್ರ ತೋಟದ ನೀರು ಹೋಗುತ್ತಿದೆಯೋ, ಅಗೆದು ನೋಡದೆ ಹೇಳಲಾಗದು. ಒಂದು ವರ್ಷ ಎರಡೂ ಪಿಲ್ಲರುಗಳನ್ನು ಪ್ರತಿ ತಿಂಗಳು ತೂಗುಗುಂಡಿನಿಂದ ಅಳೆದು ಬರೆದಿಡಿ.

ಮರಗೆಲಸ

ಚೌಕಟ್ಟಿಗೆ ಅಡ್ಡಪಟ್ಟಿ ಹಾಕುವ ಮಾತು ಬಂದಿದ್ದರಿಂದ ಹೇಳುತ್ತಿದ್ದೇನೆ. ಕೆಳಗಿನ ಹಿಂಜಿನ ಮೂಲೆಯಿಂದ ಮೇಲಿನ ಚಿಲಕದ ಮೂಲೆಗೆ ಓರೆಯಾಗಿ ಹಾಕಬೇಕು, ತಿರುಗುಮುರುಗು ಹಾಕಿದರೆ ಪ್ರಯೋಜನವಿಲ್ಲ. ಮರದ ಗೇಟುಗಳಲ್ಲಿ ನಾವು ಹಾಕುವ ಕ್ರಮ ಇದೇ. ಚಿಲಕದ ತುದಿಯ ಭಾರವನ್ನು ಆ ಓರೆಮರ ಕೆಳಗಿನ ಹಿಂಜಿಗೆ ಒತ್ತಿ ಕೊಡುತ್ತದೆ.

ಕಬ್ಬಿಣದ_ಕೆಲಸ

ಮರದ ಮಟ್ಟಿಗೆ ನಿಮ್ಮ ಮಾತು ಪೂರ್ತಿ ಸರಿ. ಮರದ ಕೂಡುಗಳು ಎಳೆತಕ್ಕೆ ಬಿಟ್ಟುಕೊಳ್ಳುತ್ತವೆ, ಒತ್ತಡವನ್ನು ತಡೆಯುತ್ತವೆ. ಆದರೆ ಇಲ್ಲಿ ಅಂಗಡಿಯವರು ಹಾಕುತ್ತೇನೆಂದದ್ದು ಕಬ್ಬಿಣದ ಪಟ್ಟಿ. 25 ಅಗಲ 5 ದಪ್ಪದ ಪಟ್ಟಿಯನ್ನು ನೀವು ಹೇಳಿದ ಮೂಲೆಗಳಿಗೆ ಬೆಸೆದರೆ ಒತ್ತಡ ಬಿದ್ದ ಕೂಡಲೇ ಅದು ಬಿಲ್ಲಿನಂತೆ ಬಾಗುತ್ತದೆ. ಪಟ್ಟಿ ಕೆಲಸ ಮಾಡುವುದು ಎಳೆತದಲ್ಲಿ ಮಾತ್ರ. ಆದ್ದರಿಂದ ಅದು ಮೇಲಿನ ಹಿಂಜಿನ ಮೂಲೆಯಿಂದ ಕೆಳಗಿನ ಚಿಲಕದ ಮೂಲೆಗೆ ಹೋಗಬೇಕು. ಚೌಕ ಪೈಪನ್ನೇ ಓರೆಯಾಗಿ ಬೆಸೆಯುವುದಾದರೆ ಯಾವ ಕಡೆ ಹಾಕಿದರೂ ನಡೆಯುತ್ತದೆ.

ಹಾಗೆಂದು ಈ ಬಾಗಿಲಿಗೆ ಪಟ್ಟಿಯ ಅಗತ್ಯ ಅಷ್ಟೇನೂ ಇಲ್ಲ. ಕೆಳಗಿನ ಅರ್ಧಕ್ಕೆ ಬೆಸೆದ ತಗಡೇ ದೊಡ್ಡ ಆಧಾರವಾಗಿದೆ. ತಗಡಿನ ಅಂಚಿನ ಬೆಸುಗೆಯ ಚುಕ್ಕೆಗಳು ಎಲ್ಲಿಯಾದರೂ ಬಿಟ್ಟುಕೊಂಡಿವೆಯೇ ಎಂದು ಬೆರಳಾಡಿಸಿ ನೋಡಿ. ಬಿಟ್ಟಿದ್ದರೆ ಬಾಗಿಲನ್ನು ಇಳಿಸಿ ನೆಲದ ಮೇಲೆ ಮಲಗಿಸಿದಾಗ ಉದ್ದವಾದ ಕ್ರಾಸಿನ ಎರಡು ಮೂಲೆಗಳಿಗೆ ಹಗ್ಗ ಹಾಕಿ, ಅದನ್ನು ತಿರುಚಿ ಬಿಗಿಗೊಳಿಸಿ, ಎರಡು ಅಳತೆಗಳು ಸಮವಾದ ಮೇಲೆ ಮತ್ತೆ ಬೆಸೆಯಬಹುದು.

ಸಿವಿಲ್_ನಿವೃತ್ತ

ಈಗ ಮುಖ್ಯ ಕೆಲಸವಾದ ಆಂಗಲ್‌ಗೆ ಬರೋಣ. ಸಾಲಿಡ್ ಬ್ಲಾಕಿನ ಪಿಲ್ಲರಿನಲ್ಲಿ ಹಳೆಯ ಹೋಲ್ಡ್ ಫಾಸ್ಟನ್ನು ಅದೇ ರಂಧ್ರದಲ್ಲಿ ಸಿಮೆಂಟು ತುಂಬಿ ಕೂರಿಸಿದರೆ ಮತ್ತೆ ಬಿಟ್ಟುಕೊಳ್ಳುತ್ತದೆ. ಬಿಗಿಸಿದಂತೆ ಅರಳುವ ಆಂಕರ್ ಬೋಲ್ಟನ್ನು ಅಂಚಿನ ಹತ್ತಿರ ಹಾಕಿದರೆ ಬ್ಲಾಕೇ ಸೀಳಬಹುದು. 12 ಮಿ.ಮೀ. ಥ್ರೆಡ್ ಇರುವ ರಾಡನ್ನು ಪಿಲ್ಲರಿನ ಆರಪಾರ ಹಾಯಿಸಿ, ಹಿಂದೆ 100 ಮಿ.ಮೀ. ಚೌಕದ ತಗಡುಹಲಗೆ ಕೊಟ್ಟು ನಟ್ಟು ಬಿಗಿಯುವುದು ಉತ್ತಮ. ಆಗ ಎಳೆತವನ್ನು ಇಡೀ ಪಿಲ್ಲರ್ ಹೊರುತ್ತದೆ.

ತುಮಕೂರು_ನಿವಾಸಿ

ಹಿಂದೆ ಹಲಗೆ ಕೊಡಲು ಜಾಗವಿಲ್ಲ ಸರ್. ಪಿಲ್ಲರಿನ ಹಿಂಬದಿಗೆ 5 ಅಡಿ ಎತ್ತರದ ಕಾಂಪೌಂಡ್ ಗೋಡೆ ಸೇರಿಕೊಂಡಿದೆ. ಮೇಲಿನ ಹಿಂಜು ಗೋಡೆಗಿಂತ ಕೆಳಗೇ ಬರುತ್ತದೆ.

ಸಿವಿಲ್_ನಿವೃತ್ತ

ಹಾಗಿದ್ದಲ್ಲಿ ರಾಡನ್ನು ಆ ದಿಕ್ಕಿಗೆ ಹಾಯಿಸುವುದು ಬೇಡ. ಮೇಲಿನ ಹಿಂಜಿನ ಮಟ್ಟದಲ್ಲಿ 50 ಅಗಲ 6 ದಪ್ಪದ ಎರಡು ಪಟ್ಟಿಗಳನ್ನು ಆಂಗಲ್‌ಗೆ ಬೆಸೆದು, ಒಂದನ್ನು ಪಿಲ್ಲರಿನ ರಸ್ತೆ ಕಡೆಯ ಮುಖದ ಮೇಲೂ ಇನ್ನೊಂದನ್ನು ಮನೆ ಕಡೆಯ ಮುಖದ ಮೇಲೂ ಏಳೆಂಟು ಅಂಗುಲ ಹಾಯಿಸಿ. ಅನಂತರ ರಸ್ತೆ ಕಡೆಯಿಂದ ಮನೆ ಕಡೆಗೆ ಆರಪಾರ ಎರಡು ರಂಧ್ರ ಕೊರೆದು, 12 ಮಿ.ಮೀ. ರಾಡು ತೂರಿಸಿ, ಎರಡೂ ಪಟ್ಟಿಗಳನ್ನು ಪಿಲ್ಲರಿಗೆ ಬಿಗಿಯಿರಿ. ಪಿಲ್ಲರನ್ನು ಎರಡು ಕಡೆಯಿಂದ ಅಪ್ಪಿ ಹಿಡಿದಂತಾಗುತ್ತದೆ. ಬ್ಲಾಕು ಸೀಳುವ ಭಯವೂ ಇಲ್ಲ, ಕಾಂಪೌಂಡ್ ಗೋಡೆಯನ್ನು ಮುಟ್ಟಬೇಕಾಗಿಯೂ ಇಲ್ಲ. ಗಾರೆಯನ್ನು ಪಟ್ಟಿಯ ಅಗಲಕ್ಕೆ ಕೆತ್ತಿ ಬ್ಲಾಕಿನ ಮೇಲೆಯೇ ಪಟ್ಟಿ ಕೂರುವಂತೆ ಮಾಡಿ. ಗಾರೆಯ ಮೇಲೆ ಬಿಗಿದರೆ ಗಾರೆ ಪುಡಿಯಾಗಿ ಮತ್ತೆ ಸಡಿಲವಾಗುತ್ತದೆ. ರೆಡ್ ಆಕ್ಸೈಡ್ ಹಚ್ಚಿದ ಮೇಲೆ ಗಾರೆ ಮುಚ್ಚಿದರೆ ಹೊರಗೆ ಕಾಣುವುದೂ ಇಲ್ಲ. ಆಂಗಲ್ ಹಿಂದೆ ಸಿಮೆಂಟು ತುಂಬಿದ್ದರೆ ಅದಕ್ಕೆ ಒಂದು ವಾರ ನೀರುಣಿಸಿ, ಆಮೇಲೆ ಬಾಗಿಲಿನ ಭಾರ ಕೊಡಿ.

ಕಬ್ಬಿಣದ_ಕೆಲಸ

ಇದನ್ನೇ ಮಾಡಿಸಿ, ಇದಕ್ಕಿಂತ ಒಳ್ಳೆಯ ದಾರಿ ನನಗೂ ತೋಚುತ್ತಿಲ್ಲ. ಇನ್ನು ಹಿಂಜಸ್ ಕೂರಿಸುವ ವಿಷಯ.

ಬಾಗಿಲನ್ನು ಹೇಗೂ ಕಳಚಿ ಇಳಿಸುವುದರಿಂದ ಹಿಂಜಸ್ಸಿನ ಜಾಗವನ್ನೂ ಬದಲಿಸಿ. ಮೇಲಿನಿಂದ 6 ಅಂಗುಲ, ಕೆಳಗಿನಿಂದ 6 ಅಂಗುಲಕ್ಕೆ ತಂದರೆ ಅಂತರ 4 ಅಡಿಯಾಗುತ್ತದೆ. ಅಪ್ಪುಪಟ್ಟಿಯೂ ಆ ಹೊಸ ಮಟ್ಟಕ್ಕೇ ಬರಬೇಕು, ಅದನ್ನು ಮರೆಯಬೇಡಿ. ನಡುವೆ ಮೂರನೆಯ ಹಿಂಜು ಬೇಡವೆಂಬುದು ನನ್ನ ಅಭಿಪ್ರಾಯ. ನಡುವಿನದಕ್ಕೆ ಎಳೆತವೂ ಇಲ್ಲ, ಒತ್ತಡವೂ ಇಲ್ಲ. ಆದರೆ ಅದು ಉಳಿದ ಎರಡರ ನೇರಕ್ಕೆ ಒಂದು ಕೂದಲೆಳೆ ತಪ್ಪಿದರೂ ಬಾಗಿಲು ಬಿಗಿಯಾಗಿ, ಪಿನ್ನುಗಳು ಬೇಗ ಸವೆಯುತ್ತವೆ.

ಪಿನ್ನು ಇರುವ ಭಾಗವನ್ನು ಆಂಗಲ್‌ಗೆ, ಪಿನ್ನು ಮೇಲ್ಮುಖವಾಗಿರುವಂತೆ ಬೆಸೆಯಬೇಕು. ಬುಷ್ಷು ಬಾಗಿಲಿಗೆ. ಬೆಸೆಯುವ ಮೊದಲು ಬಾಗಿಲನ್ನು ಮರದ ತುಂಡು, ಬೆಣೆಗಳ ಮೇಲೆ ನಿಲ್ಲಿಸಿ ಬಲಬಾಗಿಲಿನ ಮಟ್ಟಕ್ಕೆ ತನ್ನಿ. ಇಳಿಜಾರಿನಿಂದ ಕನಿಷ್ಠ 2 ಅಂಗುಲ ಮೇಲಿರಲಿ, ಒಳಕ್ಕೆ ತೆರೆದಾಗ ನೆಲ ಏರುವುದಿದ್ದರೆ ಇನ್ನೂ ಹೆಚ್ಚು ಬೇಕಾಗುತ್ತದೆ. ಎರಡೂ ಪಿನ್ನುಗಳು ಒಂದೇ ಲಂಬರೇಖೆಯಲ್ಲಿ ಇವೆಯೇ ಎಂಬುದನ್ನು ದಾರ ಹಿಡಿದು ಎರಡು ದಿಕ್ಕಿನಿಂದಲೂ ನೋಡಬೇಕು, ಎದುರಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ. ಎದುರಿನಿಂದ ಮಾತ್ರ ನೋಡಿ ಬೆಸೆದ ಗೇಟುಗಳೇ ಹಿತ್ತಲಗಿಡ ಅವರ ಗೇಟಿನಂತೆ ತಾವಾಗಿ ಓಡಾಡುತ್ತವೆ.

ಮೊದಲು ಪ್ರತಿ ಭಾಗಕ್ಕೂ ಎರಡೆರಡು ಚುಕ್ಕೆ ಟ್ಯಾಕ್ ಮಾತ್ರ ಹಾಕಿಸಿ. ಆಮೇಲೆ ಬೆಣೆಗಳನ್ನು ತೆಗೆದು, ಬಾಗಿಲು ತನ್ನ ಭಾರದಲ್ಲಿ ತೂಗುವಂತೆ ಬಿಟ್ಟು, ಪೂರ್ತಿ ತೆರೆದು ಮುಚ್ಚಿ ನೋಡಿ. ಭಾರವನ್ನು ಕೆಳಗಿನ ಹಿಂಜು ಹೊರಬೇಕು. ಮೇಲಿನದು ಹೊತ್ತು ಕೆಳಗಿನ ಬುಷ್ಷಿನ ಅಡಿಯಲ್ಲಿ ಸಂದು ಕಾಣುತ್ತಿದ್ದರೆ ಅಲ್ಲಿಗೊಂದು ವಾಷರ್ ಹಾಕಿ, ಏಕೆಂದರೆ ಮೇಲಿನದಕ್ಕೆ ಎಳೆತವೊಂದೇ ಸಾಕಷ್ಟಾಗಿದೆ. ಎಲ್ಲವೂ ಸರಿಯೆನಿಸಿದ ಮೇಲೆ ಪೂರ್ತಿ ಬೆಸುಗೆ. ಅದನ್ನೂ ಒಂದೇ ಸಲ ಉದ್ದಕ್ಕೆ ಎಳೆಯದೆ, ಮೇಲಿನದಕ್ಕೆ ಸ್ವಲ್ಪ, ಕೆಳಗಿನದಕ್ಕೆ ಸ್ವಲ್ಪ ಎಂದು ಹಾಕುತ್ತ ಹೋಗಬೇಕು. ಬೆಸುಗೆ ಆರುವಾಗ ತನ್ನ ಕಡೆಗೆ ಲೋಹವನ್ನು ಎಳೆದುಕೊಳ್ಳುತ್ತದೆ, ಒಂದೇ ಬದಿಗೆ ಒಮ್ಮೆಲೇ ಹಾಕಿದರೆ ಪಿನ್ನು ಓರೆಯಾಗುತ್ತದೆ.

ಕೆಲಸ ನಡೆಯುವಾಗ ನೀವು ನಿಂತು ನೋಡಬೇಕಾದ ಒಂದು ಸಂಗತಿಯಿದೆ. ವೆಲ್ಡಿಂಗ್ ಯಂತ್ರದ ಅರ್ಥಿಂಗ್ ಕ್ಲಾಂಪನ್ನು ಯಾವ ತುಂಡಿಗೆ ಬೆಸುಗೆ ಬೀಳುತ್ತಿದೆಯೋ ಅದೇ ತುಂಡಿಗೆ ಹಾಕಬೇಕು. ಬಾಗಿಲಿನ ಬದಿ ಬೆಸೆಯುವಾಗ ಕ್ಲಾಂಪು ಆಂಗಲ್ ಮೇಲಿದ್ದರೆ ಕರೆಂಟು ಪಿನ್ನು ಮತ್ತು ಬುಷ್ಷಿನ ನಡುವೆ ಹಾಯುತ್ತದೆ. ಅಲ್ಲಿ ಕಿಡಿ ಹಾರಿ, ಪಿನ್ನಿನ ಮೈಮೇಲೆ ಸಣ್ಣ ಗುಳಿಗಳು ಬೀಳುತ್ತವೆ. ಬೇರಿಂಗ್ ಇರುವ ಹಿಂಜಾದರೆ ಗುಂಡುಗಳು ಸುಟ್ಟು ಹೊಸದರಲ್ಲೇ ಕರಕರ ಎನ್ನುತ್ತದೆ. ಗ್ರೀಸನ್ನು ಬೆಸುಗೆ ಆರಿದ ಮೇಲೆ ಹಾಕಿ.

ಮಹಡಿಮನೆ

ಇಷ್ಟೆಲ್ಲ ಮಾಡಿದ ಮೇಲೂ ಚಕ್ರ ಏಕೆ ಬೇಡ ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ.

ಕಬ್ಬಿಣದ_ಕೆಲಸ

ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ನೆಲ ಸಮತಟ್ಟಾದ ಕಾಂಕ್ರೀಟ್ ಆಗಿರಬೇಕು, ಅಲ್ಲಿ ಚಕ್ರ ನಡೆಯುತ್ತದೆ. ಅಗಲವಾದ ಗೇಟುಗಳಿಗೆ ಅದು ಬೇಕೇ ಬೇಕು ಎಂಬುದನ್ನೂ ಒಪ್ಪುತ್ತೇನೆ. ಇವರದು ಇಳಿಜಾರು. ಬಾಗಿಲು ತಿರುಗುವಾಗ ತುದಿ ಒಂದೇ ಮಟ್ಟದಲ್ಲಿ ಸುತ್ತುತ್ತದೆ, ನೆಲ ಮಾತ್ರ ಏರಿಳಿಯುತ್ತದೆ. ನೆಲ ಏರಿದ ಕಡೆ ಚಕ್ರವು ಬಾಗಿಲನ್ನು ಎತ್ತಿ ಹಿಂಜಸ್ಸನ್ನು ತಿರುಚುತ್ತದೆ, ಇಳಿದ ಕಡೆ ಗಾಳಿಯಲ್ಲಿ ನಿಂತು ಭಾರವನ್ನು ಹಿಂಜಿಗೇ ಬಿಡುತ್ತದೆ. ಸ್ಪ್ರಿಂಗ್ ಇರುವ ಚಕ್ರ ಹಾಕಿದರೆ ಈ ತೊಂದರೆ ಸ್ವಲ್ಪ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ.

ಮರಗೆಲಸ

ತುದಿಯನ್ನು ಕೂರಿಸುವಾಗಲೇ ನಾಲ್ಕೈದು ಮಿ.ಮೀ. ಎತ್ತರಕ್ಕೆ ಇಡುವ ಪದ್ಧತಿ ನಮ್ಮಲ್ಲಿದೆ, ಮುಂದೆ ಇಳಿದು ಸಮಕ್ಕೆ ಬರುತ್ತದೆ. ಕಬ್ಬಿಣದ ಗೇಟಿಗೂ ಹಾಗೆ ಮಾಡಬೇಕಲ್ಲವೇ?

ಕಬ್ಬಿಣದ_ಕೆಲಸ

ನಾನು 3 ಮಿ.ಮೀ. ಎತ್ತರಕ್ಕೆ ಇಡುತ್ತೇನೆ. ಪಿನ್ನು ಬುಷ್ಷಿನಲ್ಲಿ ಕೂರುವಾಗ ಅಷ್ಟು ಇಳಿಯುತ್ತದೆ.

ಸಿವಿಲ್_ನಿವೃತ್ತ

ನಾನು ಇದನ್ನು ಒಪ್ಪುವುದಿಲ್ಲ. ಎಷ್ಟು ಇಳಿಯುತ್ತದೆ ಎಂಬುದು ಮೊದಲೇ ಗೊತ್ತಿಲ್ಲದಿರುವಾಗ ತಪ್ಪನ್ನು ಬೇಕೆಂದೇ ಹಾಕಿ, ಅದು ತಾನಾಗಿ ಸರಿಹೋಗಲೆಂದು ಕಾಯುವುದು ಸರಿಯಾದ ಕ್ರಮವಲ್ಲ. ಬಾಗಿಲನ್ನು ಸಮಕ್ಕೆ ಕೂರಿಸಿ, ಚಿಲಕವನ್ನು ಮಾತ್ರ ಕೊನೆಗೆ ಬೆಸೆಯಿರಿ.

ಕಬ್ಬಿಣದ_ಕೆಲಸ

ಚಿಲಕ ಕೊನೆಗೆ ಎಂಬುದರಲ್ಲಿ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. 3 ಮಿ.ಮೀ. ವಿಷಯವನ್ನು ನಾನು ಬಿಡುವುದಿಲ್ಲ.

ತುಮಕೂರು_ನಿವಾಸಿ

ಕೆಲಸ ಮುಗಿದಿದೆ. ಅಪ್ಪುಪಟ್ಟಿ ಹಾಕಿ, ಆಂಗಲ್ಲನ್ನು ನೆಟ್ಟಗೆ ಮಾಡಿ, ಹಿಂಜಸ್ಸನ್ನು 4 ಅಡಿ ಅಂತರಕ್ಕೆ ತರಿಸಿದೆ. ಹಳೆಯ ಮೇಲಿನ ಹಿಂಜಿನ ಪಿನ್ನು ಒಂದು ಬದಿಗೆ ಸವೆದು ಮೊಟ್ಟೆಯಾಕಾರಕ್ಕೆ ಬಂದಿತ್ತು, ಆದ್ದರಿಂದ ಎರಡನ್ನೂ ಹೊಸದಾಗಿ ಹಾಕಿಸಿದೆ. ತಗಡಿನ ಬೆಸುಗೆ ಮೇಲಿನ ಅಂಚಿನಲ್ಲಿ ಬಿಟ್ಟುಕೊಂಡಿದ್ದುದು ಸಿಕ್ಕಿತು. ತುದಿಯನ್ನು ಎತ್ತರಕ್ಕಿಡುವ ವಿಷಯದಲ್ಲಿ ನಿಮ್ಮಿಬ್ಬರ ನಡುವೆ ನಾನು ನಿಲ್ಲಲಾರೆ. ಅಂಗಡಿಯವರು ತಮ್ಮ ಅಂದಾಜಿನಂತೆ 2 ಮಿ.ಮೀ. ಮೇಲಿಟ್ಟರು. ಬಾಗಿಲು ಈಗ ಎಲ್ಲಿ ಬಿಟ್ಟರೆ ಅಲ್ಲಿ ನಿಲ್ಲುತ್ತಿದೆ.

ಆಲ್‌ಡ್ರಾಪನ್ನು ಇನ್ನೂ ಬೆಸೆದಿಲ್ಲ, ಸದ್ಯಕ್ಕೆ ಸರಪಳಿ ಹಾಕಿದ್ದೇವೆ. ಉಳಿದಿರುವುದು ನೆಲದ ಕಂಬಿ. ಹಳೆಯ ಪೈಪಿನ ತೂತು ಈಗ ಕಂಬಿಯ ನೇರಕ್ಕೆ ಬರುತ್ತಿಲ್ಲ. ಅದೂ ಅಲ್ಲದೆ ಮಳೆ ಬಂದಾಗಲೆಲ್ಲ ಮಣ್ಣು ತುಂಬಿ ಕಂಬಿ ಅರ್ಧಕ್ಕೇ ನಿಲ್ಲುತ್ತಿತ್ತು. ಇದಕ್ಕೇನು ಮಾಡಬಹುದು?

ಕಬ್ಬಿಣದ_ಕೆಲಸ

ಆಲ್‌ಡ್ರಾಪ್ ಬೆಸೆಯಲು ಒಂದು ವಾರ ಕಾಯಿರಿ. ಆಮೇಲೆ ಅದರ ಕಂಬಿ ತೂರುವ ಕಣ್ಣನ್ನು ಕಂಬಿಗಿಂತ ಮೇಲೆ ಕೆಳಗೆ ಮೂರು ಮೂರು ಮಿ.ಮೀ. ಹೆಚ್ಚಿಗೆ ಬಿಟ್ಟು ಉದ್ದುದ್ದಕ್ಕೆ ಮಾಡಿಸಿ, ದುಂಡಗೆ ಬೇಡ. ಅಡ್ಡಕ್ಕೆ ಮಾತ್ರ ಬಿಗಿಯಾಗಿರಲಿ, ಇಲ್ಲದಿದ್ದರೆ ಗಾಳಿಗೆ ಗೇಟು ಬಡಿದುಕೊಳ್ಳುತ್ತದೆ.

ನೆಲದ ಕಂಬಿಗೆ ಹಳೆಯ ಪೈಪನ್ನು ಅಗೆದು ತೆಗೆದು, ಕಂಬಿಗಿಂತ 6 ಮಿ.ಮೀ. ಹೆಚ್ಚು ಒಳವ್ಯಾಸವಿರುವ ಹೊಸ ತುಂಡನ್ನು ಹಾಕಿ. ಗೇಟು ಮುಚ್ಚಿ, ಕಂಬಿಯನ್ನು ಇಳಿಸಿ, ಅದರ ಸುತ್ತಲೇ ಪೈಪನ್ನು ಹೂಳಬೇಕು. ಅಳತೆ ತೆಗೆದು ಹೂಳುವುದಕ್ಕಿಂತ ಇದು ನಿಖರ. ಪೈಪಿನ ಬುಡವನ್ನು ಕಾಂಕ್ರೀಟಿನಲ್ಲಿ ಮುಚ್ಚದೆ, ಕೆಳಗೆ ಒಂದು ಅಡಿ ಆಳಕ್ಕೆ ಜಲ್ಲಿ ತುಂಬಿಸಿಬಿಟ್ಟರೆ ನೀರು ಇಳಿದುಹೋಗುತ್ತದೆ, ನೀರಿನ ಜೊತೆ ಬಂದ ಮಣ್ಣು ಕೂಡ ಸ್ವಲ್ಪ ಮಟ್ಟಿಗೆ ಇಳಿಯುತ್ತದೆ. ಬಾಯಿ ಇಳಿಜಾರಿನ ಮಟ್ಟಕ್ಕಿಂತ 5 ಮಿ.ಮೀ. ಮೇಲಿದ್ದರೆ ಹರಿಯುವ ನೀರು ಒಳಗೆ ನುಗ್ಗುವುದು ಕಡಿಮೆ.

ಹಿತ್ತಲಗಿಡ

ಬಾಯಿ ಮೇಲಿದ್ದರೆ ಸ್ಕೂಟರಿನ ಚಕ್ರ ತಾಗುವುದಿಲ್ಲವೇ? ನಮ್ಮಲ್ಲಿ ಅದೇ ಕಾರಣಕ್ಕೆ ನೆಲಸಮಕ್ಕೆ ಇಳಿಸಿ, ಹಳೆಯ ಬಾಟಲಿಯ ಮುಚ್ಚಳವನ್ನು ಮೇಲೆ ಇಡುತ್ತೇವೆ.

ಕಬ್ಬಿಣದ_ಕೆಲಸ

5 ಮಿ.ಮೀ. ಸ್ಕೂಟರಿಗೆ ತಿಳಿಯುವುದಿಲ್ಲ ಮೇಡಂ, ಆದರೆ ಬರಿಗಾಲಿಗೆ ತಿಳಿಯುತ್ತದೆ. ಅಂಚನ್ನು ಅರದಿಂದ ಉಜ್ಜಿ ನುಣುಪು ಮಾಡಿಸಿ.